ಹ್ಯಾಸಪ್ ಪ್ಲಾನ್‌ನಲ್ಲಿ ವ್ಯಾಲಿಡೇಶನ್, ಮಾನಿಟರಿಂಗ್, ವೆರಿಫಿಕೇಶನ್: ಒಂದೇ ಓವನ್, ಮೂರು ಬೇರೆ ಕೆಲಸ

ಕೆಲವು ವರ್ಷಗಳ ಹಿಂದೆ ಒಬ್ಬ ಆಡಿಟರ್ ನನ್ನನ್ನು ಕೇಳಿದರು: "ನಿಮ್ಮ ಓವನ್ ಸಿಸಿಪಿಯ ವ್ಯಾಲಿಡೇಶನ್ ತೋರಿಸಿ." ಹ್ಯಾಸಪ್ ಅಂದರೆ ಆಹಾರ ತಯಾರಿಸುವಾಗ ಅಪಾಯ ಎಲ್ಲಿ ಬರಬಹುದು ಅಂತ ಮೊದಲೇ ಗುರುತಿಸಿ ತಡೆಯುವ ಪದ್ಧತಿ, ಸಿಸಿಪಿ ಅಂದರೆ ಆ ಅಪಾಯವನ್ನು ತಡೆಯಲೇಬೇಕಾದ ಹಂತ. ನಮ್ಮ ಚಿಕನ್ ಪ್ಯಾಟಿಗೆ ಅದು ಬೇಯಿಸುವ ಓವನ್. ನಾನು ಕಪಾಟಿನಿಂದ ಒಂದು ವರ್ಷದ ತಾಪಮಾನದ ಶೀಟುಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಪ್ರತಿ ಪುಟದಲ್ಲೂ 75 ಡಿಗ್ರಿಗಿಂತ ಜಾಸ್ತಿ ಓದುವಿಕೆ, ಪ್ರತಿ ಸಾಲಿಗೂ ಸಹಿ. ಅವರು ಎರಡು ಪುಟ ತಿರುವಿ ಫೈಲು ಮುಚ್ಚಿ ಒಂದೇ ಪ್ರಶ್ನೆ ಕೇಳಿದರು. "ಈ 75 ಎಲ್ಲಿಂದ ಬಂತು?"

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮೊದಲಿನಿಂದಲೂ ಪ್ಲಾನ್‌ನಲ್ಲಿ 75 ಅಂತ ಇತ್ತು, ಅಷ್ಟೇ.

ಒಂದು ವರ್ಷದ ಶೀಟುಗಳು ಹೇಳುವುದು ನಾವು 75 ಮುಟ್ಟಿದ್ದೇವೆ ಅಂತ. 75 ಮುಟ್ಟಿದರೆ ಸಾಕಾ ಅನ್ನುವುದನ್ನು ಅವು ಹೇಳುವುದಿಲ್ಲ. ಹತ್ತು ವರ್ಷದ ಶೀಟು ತಂದರೂ ಹೇಳುವುದಿಲ್ಲ. ಇಡೀ ಗೊಂದಲ ಇರುವುದೇ ಇಲ್ಲಿ, ಅದಕ್ಕೇ ಆ ಓವನ್ನನ್ನೇ ಹಿಡಿದು ಮೂರೂ ಕೆಲಸಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಕೆಲವು ಅಂಕಿಗಳನ್ನು ಪೂರ್ಣಾಂಕಕ್ಕೆ ತಂದಿದ್ದೇನೆ.

ಮೊದಲು ಮೂರು ಪ್ರಶ್ನೆ

ವ್ಯಾಲಿಡೇಶನ್ ಕೇಳುವುದು: ನಾವು ಇಟ್ಟ ಮಿತಿಯನ್ನು ಸರಿಯಾಗಿ ಪಾಲಿಸಿದರೆ ಅಪಾಯ ನಿಜವಾಗಿಯೂ ಹೋಗುತ್ತಾ? ಇದು ಪ್ಲಾನ್ ಜಾರಿಗೆ ಬರುವ ಮೊದಲೇ ಮುಗಿಯಬೇಕಾದ ಕೆಲಸ.

ಮಾನಿಟರಿಂಗ್ ಕೇಳುವುದು: ಈಗ, ಈ ಗಂಟೆಯಲ್ಲಿ, ಮಿತಿಯೊಳಗೆ ಇದ್ದೀವಾ? ಇದು ಲೈನ್ ಓಡುತ್ತಿರುವಾಗಲೇ ನಡೆಯುತ್ತದೆ.

ವೆರಿಫಿಕೇಶನ್ ಕೇಳುವುದು: ಮಾಡುತ್ತೇವೆ ಅಂದದ್ದನ್ನು ನಿಜಕ್ಕೂ ಹಾಗೆಯೇ ಮಾಡಿದ್ವಾ, ಅಳೆದ ಅಳತೆಯನ್ನು ನಂಬಬಹುದಾ? ಇದು ಮಾನಿಟರಿಂಗ್‌ನ ಮೇಲೆ, ಅದಕ್ಕೆ ಹೊರತಾಗಿ ನಡೆಯುವ ಪರಿಶೀಲನೆ.

ಅಂತರರಾಷ್ಟ್ರೀಯ ಆಹಾರ ಮಾನದಂಡಗಳಾದ ಕೋಡೆಕ್ಸ್‌ನ 2020ರ ಪರಿಷ್ಕರಣೆಯಲ್ಲಿ ಇದನ್ನು ಇನ್ನೂ ಸ್ಪಷ್ಟ ಮಾಡಿದ್ದಾರೆ. ಹ್ಯಾಸಪ್‌ನ ಮೂರನೇ ತತ್ವ ಈಗ ಬರೀ ಕ್ರಿಟಿಕಲ್ ಲಿಮಿಟ್, ಅಂದರೆ ಸಿಸಿಪಿಯಲ್ಲಿ ಮೀರಬಾರದ ಮಿತಿ, ಅನ್ನುವುದಿಲ್ಲ, ವ್ಯಾಲಿಡೇಟ್ ಮಾಡಿದ ಕ್ರಿಟಿಕಲ್ ಲಿಮಿಟ್ ಅನ್ನುತ್ತದೆ. ಆರನೇ ತತ್ವದಲ್ಲೂ ಮೊದಲು ಪ್ಲಾನ್ ವ್ಯಾಲಿಡೇಟ್ ಮಾಡಿ, ಆಮೇಲೆ ವೆರಿಫಿಕೇಶನ್‌ನ ವಿಧಾನಗಳನ್ನು ನಿಗದಿ ಮಾಡಿ ಅಂತಿದೆ. ಅಂದರೆ ಕ್ರಮವೂ ಮುಖ್ಯ.

ಹಂತ 1: ವ್ಯಾಲಿಡೇಶನ್. ಮಿತಿ ಎಲ್ಲಿಂದ ಬಂತು?

ನಮ್ಮ ಉತ್ಪನ್ನ ಚಿಕನ್ ಪ್ಯಾಟಿ, ದಪ್ಪ 12 ಮಿಲಿಮೀಟರ್. ಹಸಿ ಪ್ಯಾಟಿ ಬೆಲ್ಟ್ ಮೇಲೆ ಓವನ್‌ನೊಳಗೆ ಹೋಗಿ ಬೆಂದು ಹೊರಬರುತ್ತದೆ. ಅಪಾಯ ಅಂದರೆ ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಬದುಕುಳಿಯುವುದು.

ವ್ಯಾಲಿಡೇಶನ್‌ಗೆ ಎರಡು ಭಾಗ ಇದೆ. ಒಂದನ್ನು ಮಾಡಿ ಇನ್ನೊಂದನ್ನು ಬಿಡುವವರೇ ಜಾಸ್ತಿ.

ಮೊದಲ ಭಾಗ ವೈಜ್ಞಾನಿಕ ಆಧಾರ. ಪ್ಯಾಟಿಯ ನಟ್ಟನಡುವೆ 70 ಡಿಗ್ರಿ ಸೆಲ್ಸಿಯಸ್ 2 ನಿಮಿಷ ಇದ್ದರೆ ಲಿಸ್ಟೀರಿಯಾ ಹತ್ತು ಲಕ್ಷಕ್ಕೆ ಒಂದರಷ್ಟಕ್ಕೆ ಇಳಿಯುತ್ತದೆ. ಇದನ್ನೇ 6 ಲಾಗ್ ಇಳಿಕೆ ಅನ್ನುವುದು. ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆ ಇದಕ್ಕೆ ಸಮನಾದ ಬೇರೆ ಜೋಡಿಗಳನ್ನೂ ಕೊಟ್ಟಿದೆ: 65 ಡಿಗ್ರಿಗೆ 10 ನಿಮಿಷ, 75ಕ್ಕೆ 30 ಸೆಕೆಂಡ್, 80ಕ್ಕೆ 6 ಸೆಕೆಂಡ್. ನಿಮ್ಮ ದೇಶದ ನಿಯಮ ಕೋಳಿ ಮಾಂಸಕ್ಕೆ ಇನ್ನೂ ಬಿಗಿಯಾದ ಗುರಿ ಇಟ್ಟಿದ್ದರೆ ಅದೇ ನಿಮ್ಮ ಗುರಿ. ಲೆಕ್ಕದ ದಾರಿ ಮಾತ್ರ ಇದೇ.

ಈ ಜೋಡಿಗಳಲ್ಲಿ ಒಂದು ಮಾತು ಸುಲಭವಾಗಿ ಕಣ್ತಪ್ಪುತ್ತದೆ. 75 ಡಿಗ್ರಿ ಅಂದರೆ 75 ಡಿಗ್ರಿಯಲ್ಲಿ 30 ಸೆಕೆಂಡ್. ನಮ್ಮ ಹಳೆಯ ಪ್ಲಾನ್ ಬರೆದವರು ಬಹುಶಃ 75 ಅನ್ನು ಉಳಿಸಿಕೊಂಡು 30 ಸೆಕೆಂಡನ್ನು ಬಿಟ್ಟುಬಿಟ್ಟಿದ್ದರು.

ಎರಡನೇ ಭಾಗ ನಮ್ಮದೇ ಓವನ್‌ನಲ್ಲಿ ತೋರಿಸುವುದು. ಪುಸ್ತಕದ ಅಂಕಿ ನಮ್ಮ ಬೆಲ್ಟ್ ಮೇಲೂ ಸಿಗುತ್ತಾ? ಇದಕ್ಕೆ ಡೇಟಾ ಲಾಗರ್ ಬೇಕು. ಶಾಖ ತಡೆಯುವ ಪೆಟ್ಟಿಗೆಯಲ್ಲಿ ಇಟ್ಟು ಬೆಲ್ಟ್ ಮೇಲೆಯೇ ಕಳಿಸುತ್ತಾರೆ, ಅದರ ತೆಳು ಸೆನ್ಸರ್‌ಗಳು ಪ್ಯಾಟಿಯ ನಡುವೆ ಇರುತ್ತವೆ.

ಟ್ರಯಲ್ ಮಾಡುವಾಗ ಎಲ್ಲವನ್ನೂ ಕೆಟ್ಟ ಪರಿಸ್ಥಿತಿಗೆ ಇಡಬೇಕು. ನಮ್ಮಲ್ಲಿ ಅತಿ ದಪ್ಪ ಪ್ಯಾಟಿ ಆರಿಸಿದೆವು, ಫ್ರಿಜ್‌ನಿಂದ ತೆಗೆದ ತಕ್ಷಣ ಹಾಕಿದೆವು, ಬೆಲ್ಟ್ ಪೂರ್ತಿ ತುಂಬಿಸಿದೆವು, ಓವನ್ ಸೆಟ್ಟಿಂಗ್ ಅನುಮತಿ ಇರುವ ಕನಿಷ್ಠಕ್ಕೂ ಬೆಲ್ಟ್ ವೇಗ ಅನುಮತಿ ಇರುವ ಗರಿಷ್ಠಕ್ಕೂ ಇಟ್ಟೆವು. ಬೆಲ್ಟ್‌ನ ಎಡ, ನಡು, ಬಲ ಮೂರೂ ಕಡೆ ಸೆನ್ಸರ್. ಮೂರು ಬೇರೆ ಬೇರೆ ದಿನ. ಅರ್ಧ ಖಾಲಿ ಬೆಲ್ಟ್ ಮೇಲೆ ಮಾಡಿದ ಟ್ರಯಲ್ ಚೆನ್ನಾಗಿಯೇ ಬರುತ್ತದೆ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಒಂದು ಸಣ್ಣ ವಿಷಯಕ್ಕೆ ನಮ್ಮ ಮೊದಲ ದಿನದ ಅರ್ಧ ಕೆಲಸ ಹಾಳಾಯಿತು. 12 ಮಿಲಿಮೀಟರ್ ದಪ್ಪದ ಪ್ಯಾಟಿಯಲ್ಲಿ ಸೆನ್ಸರ್ ತುದಿ 2 ಮಿಲಿಮೀಟರ್ ಮೇಲಕ್ಕೋ ಕೆಳಕ್ಕೋ ಸರಿದರೂ ನಡುವಿನ ತಾಪಮಾನದ ಬದಲು ಅದಕ್ಕಿಂತ ಬಿಸಿಯಾದ ಪದರ ಸಿಗುತ್ತದೆ. ಹಾಗಾಗಿ ಪ್ರತಿ ಪ್ಯಾಟಿ ಹೊರಬಂದ ಮೇಲೆ ಸೆನ್ಸರ್ ಎಳೆಯದೆ ಹಾಗೇ ಅಡ್ಡ ಕತ್ತರಿಸಿ ನೋಡಿ. ತುದಿ ನಡುವೆ ಇಲ್ಲದಿದ್ದರೆ ಆ ಓದುವಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ಲೆಕ್ಕ. ಪ್ಯಾಟಿ 70 ಡಿಗ್ರಿಗೆ ಬಂದು ಅಲ್ಲೇ ನಿಲ್ಲುವುದಿಲ್ಲ, ಏರುತ್ತಲೇ ಇರುತ್ತದೆ. ಅದಕ್ಕೆ ಪ್ರತಿ ಓದುವಿಕೆಯನ್ನೂ 70 ಡಿಗ್ರಿಗೆ ಸಮನಾದ ಸೆಕೆಂಡುಗಳಾಗಿ ಬದಲಿಸಿ ಕೂಡಿಸುತ್ತೇವೆ:

```
L = 10^((T - 70) / 7.5)
```

ಇಲ್ಲಿ T ಅಂದರೆ ಆ ಕ್ಷಣದ ನಡುವಿನ ತಾಪಮಾನ. L ಅಂದರೆ ಆ ತಾಪಮಾನದ ಒಂದು ಸೆಕೆಂಡ್ 70 ಡಿಗ್ರಿಯ ಎಷ್ಟು ಸೆಕೆಂಡಿಗೆ ಸಮ ಅನ್ನುವುದು. 7.5 ಅನ್ನುವುದು ಝಡ್ ಮೌಲ್ಯ, ಅಂದರೆ 7.5 ಡಿಗ್ರಿ ಏರಿದರೆ ಬ್ಯಾಕ್ಟೀರಿಯಾ ಸಾಯುವ ವೇಗ ಹತ್ತು ಪಟ್ಟಾಗುತ್ತದೆ. ಮೂರೂ ದಿನ ಎಡ ಅಂಚೇ ತಣ್ಣಗಿತ್ತು. ಅಲ್ಲಿ ಸಿಕ್ಕ ಅತಿ ಕಡಿಮೆ ಓದುವಿಕೆ ಹೀಗಿತ್ತು, 10 ಸೆಕೆಂಡಿಗೊಂದು ಸಾಲು:

| ನಡುವಿನ ತಾಪಮಾನ (ಡಿಗ್ರಿ) | ಎಲ್ | 70 ಡಿಗ್ರಿಗೆ ಸಮನಾದ ಸೆಕೆಂಡ್ |
|---|---|---|
| 60 | 0.05 | 0.5 |
| 64 | 0.16 | 1.6 |
| 68 | 0.54 | 5.4 |
| 71 | 1.36 | 13.6 |
| 73 | 2.51 | 25.1 |
| 75 | 4.64 | 46.4 |

ಕೂಡಿಸಿದರೆ ಸುಮಾರು 93 ಸೆಕೆಂಡ್. ಬೇಕಾಗಿದ್ದದ್ದು 120.

ಆ ಸಂಖ್ಯೆ ನೋಡಿದಾಗ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಥರ್ಮಾಮೀಟರ್ 75 ತೋರಿಸಿತ್ತು, ಶೀಟಿನಲ್ಲಿ ಪಾಸ್ ಅಂತ ಬರೆಯಬಹುದಿತ್ತು, ಆದರೆ ಎಡ ಅಂಚಿನ ಪ್ಯಾಟಿ ಗುರಿ ಮುಟ್ಟಿರಲಿಲ್ಲ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಟ್ಟು ಕೆಲಸದ ಅರ್ಧ ಕೊನೆಯ 10 ಸೆಕೆಂಡಿನಲ್ಲೇ ಆಗಿದೆ. ಹಾಗಾಗಿ ಬೆಲ್ಟ್ ಸ್ವಲ್ಪ ನಿಧಾನ ಮಾಡಿ ಇನ್ನೊಂದು 10 ಸೆಕೆಂಡ್ ಕೊಟ್ಟೆವು. ನಡುವಿನ ತಾಪಮಾನ 76ಕ್ಕೆ ಬಂತು, ಎಲ್ 6.31, ಅಂದರೆ ಇನ್ನೂ 63 ಸೆಕೆಂಡ್ ಸೇರಿತು. ಒಟ್ಟು 156. ಅಳತೆಯಲ್ಲಿ ಅರ್ಧ ಡಿಗ್ರಿ ತಪ್ಪಿದ್ದು ಎಲ್ಲ ಓದುವಿಕೆಗಳೂ ನಿಜಕ್ಕೂ ಅರ್ಧ ಡಿಗ್ರಿ ಕಡಿಮೆ ಅಂತ ಇಟ್ಟುಕೊಂಡರೂ 133 ಸೆಕೆಂಡ್ ಉಳಿಯುತ್ತದೆ. ಓವನ್‌ನಿಂದ ಹೊರಬಂದ ಮೇಲೆ ಒಳಗೆ ಉಳಿದಿರುವ ಬಿಸಿಯನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಹೊಸ ಬೆಲ್ಟ್ ವೇಗದಲ್ಲಿ ಪೂರ್ತಿ ಟ್ರಯಲ್ ಮತ್ತೆ ಮಾಡಿದೆವು. ಆಮೇಲೆ ಪ್ಲಾನ್‌ಗೆ ಬಂದ ಕ್ರಿಟಿಕಲ್ ಲಿಮಿಟ್ ಇದು: ಎಡ ಅಂಚಿನ ಪ್ಯಾಟಿಯ ನಡುವೆ ಹೊರಬರುವಾಗ ಕನಿಷ್ಠ 76 ಡಿಗ್ರಿ, ಬೆಲ್ಟ್ ವೇಗ ನಿಗದಿತ ಗರಿಷ್ಠವನ್ನು ದಾಟಬಾರದು. ಎರಡೂ ಸೇರಿಯೇ ಒಂದು ಮಿತಿ. ದಿನನಿತ್ಯ ಓಡಿಸುವ ಗುರಿಯನ್ನು 78ಕ್ಕೆ ಇಟ್ಟೆವು, ಪದೇ ಪದೇ ಅಂಚಿಗೆ ಬಂದು ನಿಲ್ಲುವುದು ಬೇಡ ಅಂತ.

ವ್ಯಾಲಿಡೇಶನ್ ಫೈಲಿನಲ್ಲಿ ಏನಿರಬೇಕು ಅಂತ ಈಗ ಗೊತ್ತಾಯಿತಲ್ವಾ? ಗುರಿ ಮತ್ತು ಅದರ ಆಧಾರ, ಟ್ರಯಲ್‌ನ ಪರಿಸ್ಥಿತಿ, ಲಾಗರ್‌ನ ಮೂಲ ಡೇಟಾ, ಲೆಕ್ಕ, ತೀರ್ಮಾನ, ಮಾಡಿದವರ ಸಹಿ. ಈ ಬೇಯಿಸುವಿಕೆ ಏನನ್ನು ಮಾಡುವುದಿಲ್ಲ ಅನ್ನುವುದನ್ನೂ ಬರೆದಿಡಿ. ಕ್ಲಾಸ್ಟ್ರಿಡಿಯಂ ಜಾತಿಯ ಸ್ಪೋರ್‌ಗಳು ಈ ಶಾಖಕ್ಕೆ ಸಾಯುವುದಿಲ್ಲ. ಅವುಗಳಿಗೆ ಬೆಂದ ಮೇಲೆ ಬೇಗ ತಣ್ಣಗಾಗಿಸುವ ಹಂತ ಬೇಕು, ಅದಕ್ಕೆ ಅದರದೇ ವ್ಯಾಲಿಡೇಶನ್ ಬೇಕು.

ಹಂತ 2: ಮಾನಿಟರಿಂಗ್. ಈಗ ಏನಾಗ್ತಿದೆ?

ಮಿತಿ ಸರಿ ಅಂತ ಗೊತ್ತಾದ ಮೇಲೆ ಮಾನಿಟರಿಂಗ್ ತುಂಬ ಸರಳ. ಸರಳವಾಗಿಯೇ ಇರಬೇಕು ಕೂಡ, ಯಾಕೆಂದರೆ ಇದನ್ನು ಮಾಡುವುದು ಲೈನ್ ಪಕ್ಕ ನಿಂತ ಆಪರೇಟರ್, ಅದೂ ಇನ್ನೂ ನಾಲ್ಕು ಕೆಲಸದ ನಡುವೆ. ಅವರು ಎಲ್ ಲೆಕ್ಕ ಹಾಕಬೇಕಾಗಿಲ್ಲ. 76 ಇದೆಯಾ ಇಲ್ಲವಾ ಅಂತ ನೋಡಿದರೆ ಸಾಕು. ಲೆಕ್ಕದ ಭಾರವನ್ನು ವ್ಯಾಲಿಡೇಶನ್ ಹೊತ್ತಾಗಿದೆ.

ನಮ್ಮಲ್ಲಿ ಇರುವ ಕ್ರಮ ಇದು. ಶಿಫ್ಟ್ ಶುರುವಾದಾಗ, ಆಮೇಲೆ ಅರ್ಧ ಗಂಟೆಗೊಮ್ಮೆ, ಲೈನ್ ನಿಂತು ಮತ್ತೆ ಶುರುವಾದಾಗ, ಕೊನೆಯಲ್ಲಿ ಒಮ್ಮೆ. ಪ್ರತಿ ಸಲ ಎಡ ಅಂಚಿನಿಂದಲೇ ಮೂರು ಪ್ಯಾಟಿ, ಹೊರಬಂದ ತಕ್ಷಣ. ಥರ್ಮಾಮೀಟರ್‌ನ ಪ್ರೋಬ್ ಅನ್ನು ಮೇಲಿನಿಂದ ಚುಚ್ಚಬಾರದು, ಪಕ್ಕದಿಂದ ಅಡ್ಡಲಾಗಿ ನಡುವಿನವರೆಗೆ ತೂರಿಸಬೇಕು. ಅಂಕಿ ಓಡುವುದು ನಿಲ್ಲುವ ತನಕ ಕಾಯಬೇಕು. ಮೂರರಲ್ಲಿ ಕಡಿಮೆ ಬಂದದ್ದೇ ಲೆಕ್ಕಕ್ಕೆ. ಜೊತೆಗೆ ಬೆಲ್ಟ್ ವೇಗದ ಓದುವಿಕೆ, ಸಮಯ, ಸಹಿ.

ಶೀಟಿನಲ್ಲಿ ಟಿಕ್ ಗುರುತು ಹಾಕಲು ಬಿಡಬೇಡಿ, ಅಂಕಿ ಬರೆಸಿ. ಟಿಕ್ ನೋಡಿ 79 ಇತ್ತೋ 76.1 ಇತ್ತೋ ಗೊತ್ತಾಗುವುದಿಲ್ಲ. ದಿನದಿಂದ ದಿನಕ್ಕೆ ತಾಪಮಾನ ಇಳಿಯುತ್ತಾ ಬರುತ್ತಿದ್ದರೂ ಗೊತ್ತಾಗುವುದಿಲ್ಲ.

ಒಂದು ದಿನ 10:30ಕ್ಕೆ 77.8 ಇತ್ತು, 11:00ಕ್ಕೆ 75.2. ಆಪರೇಟರ್ ಲೈನ್ ನಿಲ್ಲಿಸಿ ಸೂಪರ್‌ವೈಸರ್‌ನ ಕರೆದರು. ಇಂಥ ಹೊತ್ತಿನಲ್ಲಿ ಹೊಸಬರು ಮಾಡುವ ತಪ್ಪು ಅಂದರೆ 11:00ರ ನಂತರದ ಮಾಲನ್ನು ಮಾತ್ರ ಬದಿಗಿಡುವುದು. ತಾಪಮಾನ ಯಾವಾಗ ಇಳಿಯಿತು ಅಂತ ನಮಗೆ ಗೊತ್ತಿಲ್ಲ. 10:31ಕ್ಕೇ ಇಳಿದಿರಬಹುದು. ಆದ್ದರಿಂದ ಕೊನೆಯ ಒಳ್ಳೆಯ ಓದುವಿಕೆಯಿಂದ, ಅಂದರೆ 10:30ರಿಂದ ಬಂದದ್ದೆಲ್ಲ ಹೋಲ್ಡ್. ಕಾರಣ ಒಂದು ಬರ್ನರ್ ಆರಿಹೋಗಿದ್ದದ್ದು. ಅದನ್ನು ಸರಿ ಮಾಡಿ, ಮೂರು ಪ್ಯಾಟಿ ಸರಿ ಬಂದ ಮೇಲೆಯೇ ಲೈನ್ ಮತ್ತೆ ಓಡಿತು.

ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಎರಡು ಅಳತೆಗಳ ನಡುವಿನ ಮಾಲು ಪೂರ್ತಿ ಬದಿಗಿಡಲು ನೀವು ತಯಾರಿರಬೇಕು. ನಾಲ್ಕು ಗಂಟೆಯ ಮಾಲು ಬದಿಗಿಡಲು ಆಗದಿದ್ದರೆ ನಾಲ್ಕು ಗಂಟೆಗೊಮ್ಮೆ ಅಳೆಯುವ ಪ್ಲಾನ್ ಬರೆಯಬೇಡಿ.

ಹಂತ 3: ವೆರಿಫಿಕೇಶನ್. ಅಳತೆಯನ್ನೇ ನಂಬಬಹುದಾ?

ಆಪರೇಟರ್ ಪ್ರಾಮಾಣಿಕವಾಗಿ ಅಳೆದಿದ್ದಾರೆ, ಅಂಕಿ ಬರೆದಿದ್ದಾರೆ, ಎಲ್ಲ 76ಕ್ಕಿಂತ ಮೇಲಿದೆ. ಆದರೆ ಪ್ರೋಬೇ ಸುಳ್ಳು ಹೇಳುತ್ತಿದ್ದರೆ? ಮಾನಿಟರಿಂಗ್‌ಗೆ ಇದು ಯಾವತ್ತೂ ಕಾಣುವುದಿಲ್ಲ, ಏಕೆಂದರೆ ಅದು ನೋಡುವುದೇ ಆ ಪ್ರೋಬ್‌ನ ಮೂಲಕ.

ಆಗ ನಾವು ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಕೈ ಪ್ರೋಬ್ ಅನ್ನು ರೆಫರೆನ್ಸ್ ಥರ್ಮಾಮೀಟರ್ ಜೊತೆ 75 ಡಿಗ್ರಿ ನೀರಿನಲ್ಲಿ ಇಟ್ಟು ನೋಡುತ್ತಿದ್ದೆವು. ಬರೀ ಐಸ್ ನೀರಿನಲ್ಲಿ 0 ತೋರಿಸಿತು ಅಂತ ನಂಬಿ ಕೂರಬೇಡಿ. 0ಯಲ್ಲಿ ಸರಿಯಿದ್ದ ಪ್ರೋಬ್ 75ರಲ್ಲಿ ತಪ್ಪಿರಬಹುದು. ನೀವು ತೀರ್ಮಾನ ಮಾಡುವ ತಾಪಮಾನದ ಹತ್ತಿರವೇ ಪರೀಕ್ಷೆ ಮಾಡಿ. ಕುದಿಯುವ ನೀರಿನಲ್ಲಿ ನೋಡುವವರು ತಮ್ಮ ಊರಿನ ಎತ್ತರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು 1 ಡಿಗ್ರಿ ಇಳಿಯುತ್ತದೆ.

ಒಂದು ಸೋಮವಾರ ರೆಫರೆನ್ಸ್ 75.0 ತೋರಿಸಿತು, ಕೈ ಪ್ರೋಬ್ 76.5. ಒಂದೂವರೆ ಡಿಗ್ರಿ ಜಾಸ್ತಿ. ಎಲ್ಲಿಯೋ ಕೆಳಗೆ ಬಿದ್ದಿತ್ತು, ಹಿಡಿಯ ಹತ್ತಿರ ಸಣ್ಣ ಬಿರುಕು ಇತ್ತು.

ಪ್ರೋಬ್ ಬದಲಿಸಿ "ಸರಿ ಮಾಡಲಾಗಿದೆ" ಅಂತ ಬರೆದು ಮುಗಿಸಬಹುದಿತ್ತು. ಬಹಳ ಕಡೆ ಹಾಗೇ ಮಾಡುತ್ತಾರೆ. ಆದರೆ ನಿಜವಾದ ಕೆಲಸ ಅಲ್ಲಿಂದ ಶುರು. ಹಿಂದಿನ ಸೋಮವಾರ ಪ್ರೋಬ್ ಸರಿಯಿತ್ತು. ಅಂದರೆ ನಡುವಿನ ಇಡೀ ವಾರದ ಓದುವಿಕೆಗಳು ಅನುಮಾನಕ್ಕೆ ಒಳಗಾದವು. 76 ನಿಜವಾಗಿ ಸಿಗಬೇಕಾದರೆ ಶೀಟಿನಲ್ಲಿ ಕನಿಷ್ಠ 77.5 ಇರಬೇಕಿತ್ತು. ನಾನೂ ಸೂಪರ್‌ವೈಸರೂ ಕೂತು ವಾರದ ಪ್ರತಿ ಸಾಲನ್ನು ಬೆರಳಿಟ್ಟು ಓದಿದೆವು. ಹೆಚ್ಚಿನವು 78ರ ಮೇಲಿದ್ದವು. ಗುರಿಯನ್ನು 78ಕ್ಕೆ ಇಟ್ಟದ್ದು ಆ ದಿನ ಕಾಪಾಡಿತು. ಎರಡು ಸಾಲು ಮಾತ್ರ ಸಿಕ್ಕವು: ಗುರುವಾರದ 76.8, ಶುಕ್ರವಾರದ 77.2. ನಿಜವಾದ ತಾಪಮಾನ 75.3 ಮತ್ತು 75.7 ಅಂತ ಹಿಡಿಯಬೇಕಾಯಿತು.

ಎರಡೂ ಓದುವಿಕೆಯ ಹಿಂದುಮುಂದಿನ ಮಾಲು ಇನ್ನೂ ನಮ್ಮ ಫ್ರೀಜರ್‌ನಲ್ಲೇ ಇತ್ತು. ಹೋಲ್ಡ್ ಮಾಡಿ ನಾಶ ಮಾಡಿದೆವು. ಹೊರಗೆ ಹೋಗಿದ್ದರೆ ವಾಪಸ್ ತರಿಸುವ ಮಾತು ಬರುತ್ತಿತ್ತು.

ಆ ವಾರದಿಂದ ಪ್ರೋಬ್ ಪರೀಕ್ಷೆ ದಿನಕ್ಕೆ ಎರಡು ಸಲ ಆಯಿತು, ಶಿಫ್ಟ್‌ನ ಮೊದಲು ಮತ್ತು ಕೊನೆಗೆ. ಮಾನಿಟರಿಂಗ್‌ನಲ್ಲಿ ಅರ್ಧ ಗಂಟೆಯ ಮಾತು ಹೇಗೋ ಇಲ್ಲಿಯೂ ಹಾಗೇ. ಪರೀಕ್ಷೆ ವಾರಕ್ಕೊಮ್ಮೆ ಇದ್ದರೆ ತಪ್ಪು ಸಿಕ್ಕಾಗ ಒಂದು ವಾರ ಹಿಂದಕ್ಕೆ ಹೋಗಬೇಕು.

ವೆರಿಫಿಕೇಶನ್‌ನ ಇನ್ನೊಂದು ದೊಡ್ಡ ಭಾಗ ದಾಖಲೆ ಓದುವುದು. ಅಳೆದವರೇ ಪರಿಶೀಲಿಸಬಾರದು, ಬೇರೆಯವರು ಓದಬೇಕು, ಮಾಲು ಹೊರಹೋಗುವ ಮುಂಚೆ ಓದಬೇಕು. ಸುಮ್ನೆ ಕೆಳಗೆ ಸಹಿ ಹಾಕುವುದು ಓದಿದ ಹಾಗಲ್ಲ. ಒಂದೇ ಶಿಫ್ಟ್‌ನಲ್ಲಿ ಹದಿನಾರು ಸಾಲೂ 78.0 ಇದ್ದರೆ ಅನುಮಾನ ಪಡಿ, ನಿಜವಾದ ಓವನ್ ಹಾಗೆ ಓಡುವುದಿಲ್ಲ. ಲೈನ್ ನಿಂತಿದ್ದ ಸಮಯದಲ್ಲೂ ಓದುವಿಕೆ ಇದೆಯಾ ಅಂತ ಪ್ರೊಡಕ್ಷನ್ ಶೀಟಿನ ಜೊತೆ ಹೋಲಿಸಿ. ಆಗಾಗ ಹೋಗಿ ಪಕ್ಕದಲ್ಲಿ ನಿಂತು ಪ್ರೋಬ್ ಹೇಗೆ ಚುಚ್ಚುತ್ತಾರೆ ಅಂತ ನೋಡಿ.

ಲ್ಯಾಬ್ ಪರೀಕ್ಷೆ? ಅದೂ ವೆರಿಫಿಕೇಶನ್‌ನಲ್ಲಿ ಬರುತ್ತದೆ, ಆದರೆ ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ನೂರರಲ್ಲಿ ಒಂದು ಪ್ಯಾಟಿ ಕೆಟ್ಟಿದೆ ಅಂತಿಟ್ಟುಕೊಳ್ಳಿ, ನೀವು ಐದು ಪ್ಯಾಟಿ ಕಳಿಸಿದಿರಿ. ಐದೂ ಒಳ್ಳೆಯವೇ ಆಗಿರುವ ಸಾಧ್ಯತೆ ಶೇ 95. ರಿಪೋರ್ಟ್ ಶುದ್ಧವಾಗಿ ಬರುತ್ತದೆ, ಕೆಟ್ಟ ಪ್ಯಾಟಿಗಳು ಪ್ಯಾಕೆಟ್‌ನಲ್ಲೇ ಇರುತ್ತವೆ. ಕೆಟ್ಟ ಫಲಿತಾಂಶ ಬಂದರೆ ತುಂಬ ಗಂಭೀರ, ಒಳ್ಳೆಯ ಫಲಿತಾಂಶ ಬಂದರೆ ಸಣ್ಣ ಸಮಾಧಾನ. ಅಂಥ ಐದು ರಿಪೋರ್ಟ್‌ಗಳನ್ನು ವ್ಯಾಲಿಡೇಶನ್ ಅಂತ ಫೈಲ್ ಮಾಡಿದ್ದನ್ನು ನಾನು ಬಹಳ ಕಡೆ ನೋಡಿದ್ದೇನೆ, ಅದು ವ್ಯಾಲಿಡೇಶನ್ ಅಲ್ಲ.

ಹಂತ 4: ವ್ಯಾಲಿಡೇಶನ್ ಮತ್ತೆ ಯಾವಾಗ?

ಪ್ಯಾಟಿಯ ದಪ್ಪ, ರೆಸಿಪಿ, ಒಳಹೋಗುವ ತಾಪಮಾನ, ಓವನ್ ಸೆಟ್ಟಿಂಗ್, ಬೆಲ್ಟ್ ವೇಗ, ಬರ್ನರ್ ರಿಪೇರಿ. ಇವುಗಳಲ್ಲಿ ಯಾವುದು ಬದಲಾದರೂ 76 ಅನ್ನುವ ಅಂಕಿಯನ್ನು ಮತ್ತೆ ಪ್ರಶ್ನಿಸಬೇಕು.

ಕಾಲ ಬಂದಾಗ ಹೀಗೊಂದು ಒತ್ತಡ ಖಂಡಿತ ಬರುತ್ತದೆ: ಆರ್ಡರ್ ಜಾಸ್ತಿ ಇದೆ, ಓವನ್ ಬಿಸಿ ಏರಿಸೋಣ, ಬೆಲ್ಟ್ ಜೋರು ಮಾಡೋಣ, ಹೊರಬರುವಾಗ 76 ಇದ್ದರಾಯಿತಲ್ಲ ಅಂತ. ನಮ್ಮಲ್ಲೂ ಕೇಳಿದರು. ಒಪ್ಪುವ ಮುಂಚೆ ಲಾಗರ್ ಹಾಕಿ ಒಂದು ಟ್ರಯಲ್ ಮಾಡಿದೆವು. ಎಡ ಅಂಚಿನಲ್ಲಿ 10 ಸೆಕೆಂಡಿಗೊಂದರಂತೆ 52, 60, 67, 72, 76 ಬಂತು. ಕೊನೆಯ ಅಂಕಿ ಮಿತಿಗೆ ಸರಿಯಾಗಿದೆ. ಆದರೆ ಏರಿಕೆ ಎಷ್ಟು ಚುರುಕಾಗಿತ್ತು ಅಂದರೆ ಬಿಸಿಯಲ್ಲಿ ಕಳೆದ ಹೊತ್ತು ಕಡಿಮೆಯಾಗಿ, ಒಟ್ಟು 86 ಸೆಕೆಂಡ್ ಮಾತ್ರ ಸಿಕ್ಕಿತು, ಹಳೆಯ 75 ಡಿಗ್ರಿಯ ಮಿತಿಯಲ್ಲಿ ಸಿಕ್ಕಿದ್ದ 93 ಸೆಕೆಂಡಿಗಿಂತಲೂ ಕಡಿಮೆ. ಬೆಲ್ಟ್ ವೇಗವನ್ನು ಮಿತಿಯಲ್ಲಿ ಸೇರಿಸಿರದಿದ್ದರೆ ಆಪರೇಟರ್ 76 ಅಂತ ಸರಿಯಾಗಿಯೇ ಬರೆಯುತ್ತಿದ್ದರು, ಪ್ರೋಬ್ ಪರೀಕ್ಷೆಯೂ ಸರಿಯಾಗಿಯೇ ಬರುತ್ತಿತ್ತು, ದಾಖಲೆ ಓದಿದವರಿಗೂ ಏನೂ ತಪ್ಪು ಸಿಗುತ್ತಿರಲಿಲ್ಲ. ಟ್ರಯಲ್‌ನ ಗ್ರಾಫ್ ತೋರಿಸಿದೆ, ಬೆಲ್ಟ್ ವೇಗ ಹಳೆಯದೇ ಉಳಿಯಿತು, ಹೆಚ್ಚಿನ ಆರ್ಡರ್‌ಗೆ ಇನ್ನೊಂದು ಶಿಫ್ಟ್ ಹಾಕಿದರು.